ಭಾನುವಾರದ ಓಟಕ್ಕೆ ಶನಿವಾರದ ಊಟ

ನಮ್ಮ ವಿಜಯಪುರದ ಕಡೆ ದೂರ ಓಡುವವರಿಗೆ ಹೊಟ್ಟೆ ಕೈಕೊಡುವುದು ಬೆಳಗಿನ ತಿಂಡಿಯಿಂದ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮಟ್ಟಿಗೆ ಅದರ ಮೂಲ ಹಿಂದಿನ ರಾತ್ರಿಯ ತಾಟಿನಲ್ಲಿತ್ತು. ಎರಡು ಜೋಳದ ರೊಟ್ಟಿ, ಮಡಿಕೆ ಕಾಳಿನ ಪಲ್ಯ, ಹಸಿ ಉಳ್ಳಾಗಡ್ಡಿ, ಶೇಂಗಾ ಚಟ್ನಿ. ದಿನನಿತ್ಯಕ್ಕೆ ಇದಕ್ಕಿಂತ ಒಳ್ಳೆಯ ಊಟ ನನಗೆ ಗೊತ್ತಿಲ್ಲ. ಆದರೆ ರಾತ್ರಿ ಒಂಬತ್ತಕ್ಕೆ ಇದನ್ನು ಉಂಡು ಬೆಳಿಗ್ಗೆ ಐದೂವರೆಗೆ ಭೂತನಾಳ ಕೆರೆಯ ಕಡೆ ಓಡಲು ಹೊರಟರೆ, ಒಂದು ಗಂಟೆ ಕಳೆಯುವ ಹೊತ್ತಿಗೆ ಹೊಕ್ಕುಳಿನ ಕೆಳಗೆ ವಾಯು ತುಂಬಿ ಹಿಂಡತೊಡಗುತ್ತಿತ್ತು. ರಸ್ತೆಯ ಬದಿಯಲ್ಲಿ ಶೌಚಾಲಯ ಹುಡುಕುವ ಅವಸರವೂ ಅದರ ಜೊತೆಗೇ ಬರುತ್ತಿತ್ತು. ನಾನು ರೊಟ್ಟಿಯನ್ನು ಬಿಡಲಿಲ್ಲ, ಅದರ ಹೊತ್ತನ್ನು ಬದಲಿಸಿದೆ.

ಓಡುವಾಗ ರಕ್ತ ಕಾಲಿನ ಸ್ನಾಯುಗಳಿಗೂ, ಮೈ ತಣ್ಣಗಾಗಲೆಂದು ಚರ್ಮಕ್ಕೂ ಹರಿಯುತ್ತದೆ. ಕರುಳಿಗೆ ಹೋಗುವ ಪಾಲು ಬಹಳ ಕಡಿಮೆಯಾಗುತ್ತದೆ. ಓಟದ ವೇಗ ಹೆಚ್ಚಿದಷ್ಟೂ, ಬಿಸಿಲು ಏರಿದಷ್ಟೂ, ಮೈಯ ನೀರು ಇಳಿದಷ್ಟೂ ಈ ಕೊರತೆ ಹೆಚ್ಚು. ಪ್ರತಿ ಹೆಜ್ಜೆಗೂ ಹೊಟ್ಟೆ ಕುಲುಕುವುದು ಬೇರೆ. ಸೈಕಲ್ ತುಳಿಯುವವರಿಗಿಂತ ಓಡುವವರಲ್ಲಿ ಕೆಳಹೊಟ್ಟೆಯ ತೊಂದರೆ ಹೆಚ್ಚು ಕಾಣುವುದಕ್ಕೆ ಈ ಕುಲುಕಾಟವೂ ಒಂದು ಕಾರಣ. ಇಂಥ ಹೊತ್ತಿನಲ್ಲಿ ದೊಡ್ಡ ಕರುಳಿಗೆ ಕೆಲಸ ಕೊಡುವ ಪದಾರ್ಥ ಅಲ್ಲಿ ಇರಬಾರದು. ನಾರು ಸಣ್ಣ ಕರುಳಿನಲ್ಲಿ ಕರಗುವುದಿಲ್ಲ. ಕಾಳುಗಳಲ್ಲಿರುವ ರಾಫಿನೋಸ್, ಸ್ಟಾಕಿಯೋಸ್ ಎಂಬ ಸಕ್ಕರೆಗಳನ್ನೂ, ಉಳ್ಳಾಗಡ್ಡಿ ಬೆಳ್ಳುಳ್ಳಿಯ ಫ್ರಕ್ಟಾನ್‌ಗಳನ್ನೂ ಒಡೆಯುವ ಕಿಣ್ವ ನಮ್ಮಲ್ಲಿಲ್ಲ. ಇವೆಲ್ಲ ಹಾಗೆಯೇ ಮುಂದಕ್ಕೆ ಸಾಗಿ ದೊಡ್ಡ ಕರುಳಿನ ಬ್ಯಾಕ್ಟೀರಿಯಾಗಳ ಪಾಲಾಗುತ್ತವೆ, ಅಲ್ಲಿ ಹುದುಗಿ ವಾಯು ಹುಟ್ಟುತ್ತದೆ. ಅಲ್ಲಿಗೆ ತಲುಪಲು ಕೆಲವು ಗಂಟೆ ಬೇಕು. ರಾತ್ರಿ ಉಂಡದ್ದು ನಸುಕಿನಲ್ಲಿ ಕಾಡುವುದು ಇದರಿಂದಲೇ.

ಲೆಕ್ಕ ಹಾಕಿದರೆ ವಿಷಯ ಇನ್ನಷ್ಟು ತಿಳಿಯಾಗುತ್ತದೆ. ನೂರು ಗ್ರಾಂ ಜೋಳದ ಹಿಟ್ಟಿನಲ್ಲಿ ಸುಮಾರು 10 ಗ್ರಾಂ ನಾರಿದೆ. ನಮ್ಮ ಮನೆಯ ಎರಡು ರೊಟ್ಟಿಗೆ ಸುಮಾರು ಅಷ್ಟೇ ಹಿಟ್ಟು ಹಿಡಿಯುತ್ತದೆ. ಮೇಲೆ ಒಂದು ಬಟ್ಟಲು ಕಾಳಿನ ಪಲ್ಯ ಸೇರಿದರೆ ರಾತ್ರಿಯ ಒಂದೇ ಊಟದಲ್ಲಿ 15 ಗ್ರಾಂ ದಾಟುವುದು ಸುಲಭ. ಅದೇ ಹಸಿವಿಗೆ ಬಿಳಿ ಅನ್ನ ಉಂಡರೆ ಮೂರು ಗ್ರಾಂ ಆಸುಪಾಸು.

ಹಾಗಾಗಿ ಭಾನುವಾರ ದೂರದ ಓಟವಿದ್ದರೆ ರೊಟ್ಟಿ, ಕಾಳು, ಹಸಿ ತರಕಾರಿಯ ಕೊನೆಯ ಊಟ ಶುಕ್ರವಾರ ರಾತ್ರಿಯದು. ಶನಿವಾರ ಮಧ್ಯಾಹ್ನ ಅನ್ನ, ತೆಳು ತೊಗರಿಬೇಳೆ ಸಾರು, ಬೇಯಿಸಿದ ಸೋರೆಕಾಯಿ ಅಥವಾ ಗಜ್ಜರಿ. ರಾತ್ರಿ ಎಂಟರೊಳಗೆ ಅನ್ನ ಮತ್ತು ತಿಳಿ ಸಾರು, ಜೊತೆಗೆ ಆಲೂಗಡ್ಡೆ ಪಲ್ಯ. ಒಗ್ಗರಣೆಗೆ ಜೀರಿಗೆ, ಇಂಗು, ಕರಿಬೇವು ಸಾಕು, ಬೆಳ್ಳುಳ್ಳಿ ಬೇಡ. ಕೆಂಪು ಖಾರವನ್ನು ಅರ್ಧಕ್ಕೆ ಇಳಿಸುತ್ತೇನೆ. ಬೆಳಿಗ್ಗೆ ನಾಲ್ಕಕ್ಕೆ ಎದ್ದು ಒಂದು ಬಟ್ಟಲು ತೆಳು ಅವಲಕ್ಕಿಯನ್ನು ನೀರಿನಲ್ಲಿ ನೆನೆಸಿ, ಉಪ್ಪು, ಬೆಲ್ಲ ಹಾಕಿಕೊಂಡು ತಿನ್ನುತ್ತೇನೆ. ಶೇಂಗಾ, ಕೊಬ್ಬರಿ, ಹಸಿ ಉಳ್ಳಾಗಡ್ಡಿ ಇಲ್ಲದ ಅವಲಕ್ಕಿ ಸಪ್ಪೆ ಎನಿಸುವುದು ನಿಜ. ಓಟ ಮುಗಿದ ಮೇಲೆ ಅವೆಲ್ಲ ಇರುತ್ತವೆ.

ವಾರವಿಡೀ ಹೀಗೆ ಉಣ್ಣಬಾರದು, ಮಲಬದ್ಧತೆ ಬಂದು ಬೇರೆ ಕಾಟ ಶುರುವಾಗುತ್ತದೆ. ಐದಾರು ಕಿಲೋಮೀಟರಿನ ದಿನದ ಓಟಕ್ಕೆ ನಾನು ಏನನ್ನೂ ಬದಲಿಸುವುದಿಲ್ಲ.

ಇಷ್ಟಾದರೂ ಹೊಟ್ಟೆ ಪೂರ್ತಿ ಹಗುರಾಗಲಿಲ್ಲ. ಉಳಿದದ್ದು ಹಾಲು. ನಸುಕಿನಲ್ಲಿ ಒಂದು ದೊಡ್ಡ ಲೋಟ ಎಮ್ಮೆಯ ಹಾಲು ಕುಡಿದು ಹೊರಡುವುದು ನಮ್ಮ ಮನೆಯ ರೂಢಿ. “ಹಾಲು ಬಿಟ್ಟರೆ ಓಡಲು ಕಸುವು ಎಲ್ಲಿಂದ ಬರಬೇಕಪ್ಪಾ?” ಎಂದು ಅವ್ವ ಕೇಳಿದಳು. ಅವಳ ಮಾತನ್ನು ತಳ್ಳಿಹಾಕುವ ಮೊದಲು ಪರೀಕ್ಷಿಸಿ ನೋಡುವುದು ಸರಿ ಅನ್ನಿಸಿತು. 200 ಮಿಲಿಲೀಟರ್ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಸಕ್ಕರೆ ಸುಮಾರು 10 ಗ್ರಾಂ ಇರುತ್ತದೆ. ಅದನ್ನು ಒಡೆಯುವ ಲ್ಯಾಕ್ಟೇಸ್ ಕಿಣ್ವ ಅನೇಕರಲ್ಲಿ ದೊಡ್ಡವರಾಗುತ್ತ ಕಡಿಮೆಯಾಗುತ್ತದೆ. ಊಟದ ಜೊತೆ ಇಷ್ಟು ಹಾಲು ಕುಡಿದರೆ ಏನೂ ಆಗದವರಿಗೂ ಖಾಲಿ ಹೊಟ್ಟೆಯಲ್ಲಿ ಕುಡಿದು ಓಡಿದಾಗ ತೊಂದರೆ ಕಾಣಬಹುದು. ಆದರೆ ಎಮ್ಮೆಯ ಹಾಲಿನಲ್ಲಿ ಕೊಬ್ಬೂ ಹೆಚ್ಚು, ಕೊಬ್ಬು ಜಠರ ಖಾಲಿಯಾಗುವುದನ್ನು ತಡಮಾಡುತ್ತದೆ. ನನ್ನನ್ನು ಕಾಡುತ್ತಿದ್ದುದು ಇವೆರಡರಲ್ಲಿ ಯಾವುದು?

ಅದಕ್ಕೆ ಉಳಿದೆಲ್ಲವನ್ನೂ ಹಾಗೆಯೇ ಇಟ್ಟು, ಅದೇ ದೂರ, ಅದೇ ವೇಗದಲ್ಲಿ, ಹಾಲನ್ನು ಮಾತ್ರ ಬದಲಿಸುತ್ತ ಹೋದೆ. ಒಂದು ಭಾನುವಾರ ಕೆನೆ ತೆಗೆದ ಸಾದಾ ಹಾಲು, ಇನ್ನೊಮ್ಮೆ ಪೊಟ್ಟಣದಲ್ಲಿ ಸಿಗುವ ಲ್ಯಾಕ್ಟೋಸ್ ರಹಿತ ಹಾಲು. ಈ ಹಾಲಿನಲ್ಲಿ ಲ್ಯಾಕ್ಟೋಸ್ ಅನ್ನು ಮೊದಲೇ ಗ್ಲೂಕೋಸ್ ಮತ್ತು ಗ್ಯಾಲಕ್ಟೋಸ್ ಆಗಿ ಒಡೆದಿರುತ್ತಾರೆ, ಆದ್ದರಿಂದ ಕೊಂಚ ಸಿಹಿ. ಕೆನೆ ತೆಗೆದ ಹಾಲಿಗೆ ವಾಯು, ಗುಡುಗುಡು ಮತ್ತೆ ಬಂದವು. ಲ್ಯಾಕ್ಟೋಸ್ ರಹಿತ ಹಾಲಿಗೆ ಬರಲಿಲ್ಲ. ಬೇರೆ ಬೇರೆ ವಾರಗಳಲ್ಲಿ ಮತ್ತೆ ನೋಡಿದಾಗಲೂ ಫಲ ಅದೇ. ಒಂದೇ ಸಲ ನೋಡಿ ನಿರ್ಧರಿಸಬಾರದು, ನಿದ್ದೆಗೆಟ್ಟ ದಿನ, ಸೆಕೆಯ ದಿನ ಹೊಟ್ಟೆ ತಾನಾಗಿಯೂ ಕೆಡುತ್ತದೆ.

ಈಗ ಓಟದ ಮುಂಚೆ ಹಾಲಿನ ಲೋಟವಿಲ್ಲ. ಅರ್ಧ ಕಪ್ ಚಹಾದಲ್ಲಿರುವ ಹಾಲು ನನಗೆ ತೊಂದರೆ ಕೊಡುವುದಿಲ್ಲ. ಆದರೆ ಚಹಾ ಕುಡಿದ ಮೇಲೆ ಶೌಚಕ್ಕೆ ಹೋಗಬೇಕೆನಿಸುವುದರಿಂದ ಅದನ್ನು ನಾಲ್ಕು ಗಂಟೆಗೇ ಕುಡಿದು ಮುಗಿಸುತ್ತೇನೆ. ಮೊಸರನ್ನು ಬಿಡುವ ಅಗತ್ಯ ಬೀಳಲಿಲ್ಲ. ಹೆಪ್ಪಾಗುವಾಗ ಲ್ಯಾಕ್ಟೋಸಿನ ಒಂದು ಪಾಲು ಕರಗಿಹೋಗಿರುತ್ತದೆ, ಮೊಸರಿನ ಬ್ಯಾಕ್ಟೀರಿಯಾಗಳು ಉಳಿದದ್ದನ್ನು ಒಡೆಯಲೂ ನೆರವಾಗುತ್ತವೆ. ಶನಿವಾರ ಮಧ್ಯಾಹ್ನದ ಊಟಕ್ಕೆ ನೀರು ಮಜ್ಜಿಗೆ ಇದ್ದೇ ಇರುತ್ತದೆ. ಅವ್ವನ ಹಾಲು ರಾತ್ರಿಗೆ ಸರಿದಿದೆ, ಶನಿವಾರವೊಂದನ್ನು ಬಿಟ್ಟು.

ನನ್ನ ಜೊತೆ ಓಡುವ ಶಾಲಾ ಶಿಕ್ಷಕರೊಬ್ಬರದು ಬೇರೆ ಕಥೆ. ಅವರಿಗೆ ಕೆಳಹೊಟ್ಟೆ ಶಾಂತವಾಗಿತ್ತು. ಎದೆಗೂಡಿನ ಕೆಳಗೆ ಭಾರ, ಹುಳಿತೇಗು, ಓಟದ ಮೊದಲ ಅರ್ಧ ಗಂಟೆಯಲ್ಲೇ ಓಕರಿಕೆ. ಮೇಲಿನ ಹೊಟ್ಟೆಯಲ್ಲಿ, ಅದೂ ಬೇಗ ಕಾಣುವ ತೊಂದರೆಗೆ ನಾನು ಮೊದಲು ಶಂಕಿಸುವುದು ಜಠರದಲ್ಲಿ ಇನ್ನೂ ಉಳಿದಿರುವ ಊಟವನ್ನು. ಅವರು ಓಟಕ್ಕೆ ಮುಕ್ಕಾಲು ಗಂಟೆ ಮುಂಚೆ ಎರಡು ಶೇಂಗಾ ಉಂಡಿ ತಿನ್ನುತ್ತಿದ್ದರು. ಶೇಂಗಾದ ತೂಕದಲ್ಲಿ ಹತ್ತಿರಹತ್ತಿರ ಅರ್ಧ ಎಣ್ಣೆಯೇ. ಉಂಡಿಯನ್ನು ಓಟದ ಆಚೆಗೆ ಸರಿಸಿ, ಅದರ ಜಾಗಕ್ಕೆ ಒಂದು ಮಾಗಿದ ಬಾಳೆಹಣ್ಣು ತಂದ ಮೇಲೆ ಭಾರ ಇಳಿಯಿತು. ನನ್ನ ಹಾಲಿನ ಪಾಠ ಅವರಿಗೆ ಉಪಯೋಗಕ್ಕೆ ಬರುತ್ತಿರಲಿಲ್ಲ. ಅವರು ಇಂದಿಗೂ ಹಾಲು ಕುಡಿದೇ ಓಡುತ್ತಾರೆ.

ಮೊಣಕಾಲು ನೋವಿಗೆಂದು ಓಟದ ಮುಂಚೆ ಐಬುಪ್ರೊಫೇನ್‌ನಂಥ ಮಾತ್ರೆ ನುಂಗುವವರಿಗೆ ಊಟದ ಬದಲಾವಣೆ ಸಾಲದು. ರಕ್ತ ಕಡಿಮೆಯಾದ ಕರುಳಿನ ಒಳಪದರಕ್ಕೆ ಅದು ಇನ್ನಷ್ಟು ಪೆಟ್ಟು ಕೊಡುತ್ತದೆ. ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಓಡದ ದಿನವೂ ನೋವು ರಾತ್ರಿ ಎಬ್ಬಿಸಿದರೆ ವೈದ್ಯರನ್ನು ಕಾಣಬೇಕು. ಆಗ ಊಟ ಬದಲಿಸಿ ನೋಡುವ ಇಂಥ ಪರೀಕ್ಷೆಗಳನ್ನು ಮಾಡುತ್ತ ಕೂರಬಾರದು.

ಪರಊರಿನ ಸ್ಪರ್ಧೆಗಳಲ್ಲಿ ಕಷ್ಟವಾಗುವುದು ಶನಿವಾರ ರಾತ್ರಿ. ಖಾನಾವಳಿಯ ಸಾರಿನಲ್ಲಿ ಬೆಳ್ಳುಳ್ಳಿ ಎಷ್ಟಿದೆ ಎಂದು ಕೇಳಿ ಪ್ರಯೋಜನವಿಲ್ಲ. ಅಲ್ಲಿ ಅನ್ನ, ಮೊಸರು, ಉಪ್ಪು ಇಷ್ಟನ್ನೇ ಉಣ್ಣುತ್ತೇನೆ. ಬೆಳಗಿನ ಅವಲಕ್ಕಿ, ಬೆಲ್ಲ ಮನೆಯಿಂದಲೇ ಚೀಲದಲ್ಲಿ ಬರುತ್ತವೆ. ಸ್ಪರ್ಧೆಯಲ್ಲಿ ಹಂಚುವ ಜೆಲ್, ಪಾನೀಯಗಳನ್ನು ಅದಕ್ಕೂ ಮೊದಲು ವಿಜಯಪುರದ ರಸ್ತೆಯಲ್ಲಿ ಕುಡಿದು ನೋಡಿರದಿದ್ದರೆ ಆ ದಿನ ಮುಟ್ಟುವುದಿಲ್ಲ.