‘ಪೆನ್ಷನ್ ಎಷ್ಟು ಬರುತ್ತದೆ?’ ಎಂದವರಿಗೆ ನಾನು ಕೇಳುವ ತಾರೀಖುಗಳು

ಕಾರ್ಖಾನೆಯೊಂದರ ಸಂಬಳ ವಿಭಾಗದಲ್ಲಿ ಬಹಳ ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ನಿವೃತ್ತಿಗೆ ಆರು ತಿಂಗಳಿದೆ ಎನ್ನುವಾಗ ಜನ ನನ್ನ ಮೇಜಿನ ಬಳಿ ಬಂದು ಕೇಳುವ ಪ್ರಶ್ನೆ ಒಂದೇ: ‘ಮೇಡಂ, ನನಗೆ ಪಿ.ಎಫ್. ಪೆನ್ಷನ್ ಎಷ್ಟು ಬರುತ್ತದೆ?’ ಕೈಯಲ್ಲಿ ಕಾಗದವಿರುವುದಿಲ್ಲ. ಎಷ್ಟು ವರ್ಷ ದುಡಿದರು, ವಂತಿಗೆ ಎಷ್ಟು ಕಟ್ಟಿದ್ದಾರೆ, ಯಾವ ಯೋಜನೆಯಲ್ಲಿದ್ದಾರೆ ಎಂಬುದನ್ನೂ ಹೇಳುವುದಿಲ್ಲ.

ಮೊದಮೊದಲು ಇಂಥವರಿಗೆ ಬಾಯಿಮಾತಿನಲ್ಲಿ ಒಂದು ಅಂದಾಜು ಹೇಳಿಬಿಡುತ್ತಿದ್ದೆ. ಅದನ್ನೇ ನಂಬಿದ ಹಿರಿಯರೊಬ್ಬರು ಪೆನ್ಷನ್‌ನಿಂದಲೇ ತೀರಿಸಬಹುದು ಎಂದುಕೊಂಡು ಸಾಲದ ಕಂತು ಗೊತ್ತುಮಾಡಿಕೊಂಡರು. ಬಂದ ಪೆನ್ಷನ್ ಆ ಕಂತಿನ ಅರ್ಧಕ್ಕೂ ಸಾಲಲಿಲ್ಲ. ಅಂದಿನಿಂದ, ಕೇಳಬೇಕಾದದ್ದನ್ನು ಕೇಳದೆ ನಾನು ಒಂದು ರೂಪಾಯಿಯ ಲೆಕ್ಕವನ್ನೂ ಹೇಳುವುದಿಲ್ಲ.

2024ರಲ್ಲಿ ಒಬ್ಬರು ಬಂದಿದ್ದರು. ಆಗಸ್ಟ್ ಕೊನೆಗೆ ಅವರಿಗೆ 58 ತುಂಬುತ್ತಿತ್ತು. ಅವರ ಲೆಕ್ಕ ಮನೆಯಲ್ಲೇ ಆಗಿತ್ತು. 70ರಿಂದ ಭಾಗಿಸಬೇಕು ಎಂದು ಯಾರೋ ಹೇಳಿದ್ದರಂತೆ. ಮೂಲ ವೇತನ ಮತ್ತು ತುಟ್ಟಿಭತ್ಯೆ ಸೇರಿ 42,000 ರೂಪಾಯಿ, ಸೇವೆ 26 ವರ್ಷ. ಗುಣಿಸಿ ಭಾಗಿಸಿದರೆ ತಿಂಗಳಿಗೆ 15,600 ಬರುತ್ತದೆ. ಆ ಅಂಕಿಯನ್ನು ಡೈರಿಯಲ್ಲಿ ಬರೆದು ಕೆಳಗೆ ಎರಡು ಗೆರೆ ಎಳೆದಿದ್ದರು. ಅದನ್ನು ನೋಡಿ ನನಗೆ ಸಂಕಟವಾಯಿತು.

ಸೂತ್ರ ತಪ್ಪಿರಲಿಲ್ಲ. ನೌಕರರ ಪಿಂಚಣಿ ಯೋಜನೆ, 1995ರಲ್ಲಿ ಇರುವುದು ಇದೇ:

```
ಪಿಂಚಣಿ = ಪಿಂಚಣಿ ಅರ್ಹ ವೇತನ × ಪಿಂಚಣಿ ಅರ್ಹ ಸೇವೆ ÷ 70
```

ತಪ್ಪಿದ್ದು ಆ ‘ಅರ್ಹ’ ಎಂಬ ಪದವನ್ನು ಬಿಟ್ಟದ್ದರಲ್ಲಿ. ವೇತನ ಎಂದರೆ ಕೊನೆಯ ತಿಂಗಳ ಸಂಬಳವಲ್ಲ, ಕೊನೆಯ 60 ತಿಂಗಳ ಸರಾಸರಿ. ಅದಕ್ಕೂ ಮಿತಿಯಿದೆ. 2014ರ ಸೆಪ್ಟೆಂಬರ್ 1ರಿಂದ ಆ ಮಿತಿ 15,000 ರೂಪಾಯಿ, ಅದಕ್ಕೂ ಹಿಂದಿನ ಸೇವೆಗೆ 6,500. ಸರ್ಕಾರಿ ನೌಕರರ ಹಳೆಯ ಪಿಂಚಣಿಯಲ್ಲಿ ಕೊನೆಯ ಸಂಬಳವೇ ಆಧಾರ. ಎರಡನ್ನೂ ‘ಪೆನ್ಷನ್’ ಎಂದೇ ಕರೆಯುವುದರಿಂದ ಅಲ್ಲಿನ ನಿಯಮವನ್ನು ಇಲ್ಲಿಗೆ ತಂದು ಹಾಕುವವರು ಬಹಳ. ಹಾಗಾಗಿ ನನ್ನ ಮೊದಲ ಪ್ರಶ್ನೆ ಯಾವಾಗಲೂ ‘ಯಾವ ಯೋಜನೆ?’ ಎಂಬುದೇ.

ಸಂಬಳ ಗೊತ್ತಿಲ್ಲದಿದ್ದರೂ ಈ ಮಿತಿಗಳಿಂದ ಒಂದು ಅನುಕೂಲವಿದೆ. 15,000ವನ್ನು 70ರಿಂದ ಭಾಗಿಸಿದರೆ ಸುಮಾರು 214 ರೂಪಾಯಿ. ಅಂದರೆ 2014ರ ಸೆಪ್ಟೆಂಬರ್ ನಂತರದ ಒಂದೊಂದು ವರ್ಷದ ಸೇವೆ ಮಾಸಿಕ ಪೆನ್ಷನ್‌ಗೆ ಹೆಚ್ಚೆಂದರೆ 214 ರೂಪಾಯಿ ಕೂಡಿಸುತ್ತದೆ. ಅದಕ್ಕೂ ಹಿಂದಿನ ವರ್ಷಕ್ಕೆ ಸಿಗುವುದು ಸುಮಾರು 93. ಆದ್ದರಿಂದ ಸಂಬಳದ ಚೀಟಿ ಮರೆತು ಬಂದವರಿಗೂ ಸೇರಿದ ತಾರೀಖು ಮತ್ತು ಬಿಡುವ ತಾರೀಖು ಇವೆರಡಿದ್ದರೆ, ಇದಕ್ಕಿಂತ ಹೆಚ್ಚು ಬರುವುದಿಲ್ಲ ಎಂಬ ಗರಿಷ್ಠ ಅಂಕಿಯನ್ನು ಹೇಳಬಲ್ಲೆ. 20 ವರ್ಷ ಸೇವೆ ಮುಗಿಸಿ 58ಕ್ಕೆ ನಿವೃತ್ತರಾದವರಿಗೆ ಎರಡು ವರ್ಷ ಹೆಚ್ಚುವರಿ ಸೇರುತ್ತದೆ, ಅದನ್ನು ಬೇರೆಯಾಗಿ ನೋಡಬೇಕು. 10 ವರ್ಷವೇ ಆಗದಿದ್ದರೆ ಮಾಸಿಕ ಪೆನ್ಷನ್ ಇಲ್ಲ.

ಮಿತಿಗಿಂತ ಹೆಚ್ಚಿನ ಸಂಬಳದ ಮೇಲೆ ವಂತಿಗೆ ಕಟ್ಟಿದವರಿಗೆ ಈ ಲೆಕ್ಕ ಹೊಂದುವುದಿಲ್ಲ. ಎದುರಿಗೆ ಕುಳಿತವರು ಅಂಥವರೇ ಎಂದು ತಿಳಿಯಲು ಪಿ.ಎಫ್. ಪಾಸ್‌ಬುಕ್ ತೆರೆದು ಪೆನ್ಷನ್ ಅಂಕಣವನ್ನು ನೋಡುತ್ತೇನೆ. ಮಾಲೀಕರ ಪಾಲಿನಿಂದ ಪೆನ್ಷನ್‌ಗೆ ಹೋಗುವುದು ಶೇ 8.33. 15,000ಕ್ಕೆ ಅದು 1,250 ರೂಪಾಯಿ, ಹಿಂದಿನ 6,500ಕ್ಕೆ 541. ತಿಂಗಳು ತಿಂಗಳೂ 1,250 ಎಂದೇ ಇದ್ದರೆ ಮಿತಿಯೊಳಗಿನ ಲೆಕ್ಕ, ಸಂಬಳ ಎಷ್ಟೇ ಇರಲಿ. ಡೈರಿ ತಂದಿದ್ದವರ ಪಾಸ್‌ಬುಕ್‌ನಲ್ಲೂ 2014ರ ಆಗಸ್ಟ್‌ವರೆಗೆ 541, ಆಮೇಲೆ ಉದ್ದಕ್ಕೂ 1,250 ಎಂದೇ ಇತ್ತು.

ಅವರ 42,000 ಅಲ್ಲಿಗೆ 15,000 ಆಯಿತು. ಇನ್ನು ಉಳಿದದ್ದು 26 ವರ್ಷ.

‘ಸರ್, ಮೊದಲಿನಿಂದಲೂ ಇದೇ ಕಾರ್ಖಾನೆಯೇ?’ ಎಂದು ಕೇಳಿದೆ.

‘ಇಲ್ಲ ಮೇಡಂ, 1998ರ ಜೂನ್‌ನಿಂದ ಎಂಟು ವರ್ಷ ಬೇರೆ ಕಡೆ ಇದ್ದೆ. ಇಲ್ಲಿಗೆ ಬಂದದ್ದು 2006ರ ಸೆಪ್ಟೆಂಬರ್ 1ರಂದು.’

‘ಅಲ್ಲಿ ಬಿಟ್ಟಾಗ ಪಿ.ಎಫ್. ಏನು ಮಾಡಿದಿರಿ?’

‘ಎಲ್ಲವನ್ನೂ ತೆಗೆದುಕೊಂಡೆ. ತಂಗಿಯ ಮದುವೆ ಇತ್ತು. ಎರಡು ಫಾರ್ಮ್‌ಗಳಿಗೆ ಸಹಿ ಹಾಕಿಸಿಕೊಂಡರು.’

ಆ ಎರಡನೆಯದು 10ಸಿ. ಹತ್ತು ವರ್ಷ ಆಗುವ ಮೊದಲು ಕೆಲಸ ಬಿಟ್ಟವರು ಪೆನ್ಷನ್ ಭಾಗದ ಹಣವನ್ನು ವಾಪಸ್ ಪಡೆಯುವುದು ಈ ಫಾರ್ಮ್‌ನಲ್ಲೇ. ಹಣದ ಬದಲು ಸ್ಕೀಮ್ ಸರ್ಟಿಫಿಕೇಟ್ ಕೇಳಬಹುದಾದದ್ದೂ ಇದೇ ಫಾರ್ಮ್‌ನಲ್ಲಿ. ಸರ್ಟಿಫಿಕೇಟ್ ಪಡೆದರೆ ಹಳೆಯ ಸೇವೆ ಮುಂದಿನ ಕೆಲಸದ ಜೊತೆ ಕೂಡಿಕೊಳ್ಳುತ್ತದೆ. ಹಣ ತೆಗೆದುಕೊಂಡರೆ ಆ ವರ್ಷಗಳು ಪೆನ್ಷನ್ ಲೆಕ್ಕದಿಂದ ಹೊರಗೆ. ಇವರ ಎಂಟು ವರ್ಷಗಳು ಹಾಗೆ ಹೋಗಿದ್ದವು. ಅವು ಉಳಿದಿದ್ದರೆ ತಿಂಗಳಿಗೆ ಸುಮಾರು 743 ರೂಪಾಯಿ ಹೆಚ್ಚು ಬರುತ್ತಿತ್ತು, 20 ವರ್ಷ ದಾಟಿದವರಿಗೆ ಸಿಗುವ ಎರಡು ವರ್ಷವೂ ಸೇರುತ್ತಿತ್ತು. ಹಣ ಕೊಡುವಾಗ ಇದನ್ನು ಎರಡು ಮಾತಿನಲ್ಲಿ ತಿಳಿಸುವವರು ಇರಬೇಕಿತ್ತು ಎಂದು ನನಗೆ ಇಂದಿಗೂ ಅನ್ನಿಸುತ್ತದೆ.

ಲೆಕ್ಕವನ್ನು ಅವರ ಮುಂದೆಯೇ, ಅವರ ಡೈರಿಯಲ್ಲೇ ಬರೆದೆ:

```
2006 ಸೆಪ್ಟೆಂಬರ್ – 2014 ಆಗಸ್ಟ್:   6,500 × 8 ÷ 70 =   743
2014 ಸೆಪ್ಟೆಂಬರ್ – 2024 ಆಗಸ್ಟ್:  15,000 × 10 ÷ 70 = 2,143
ತಿಂಗಳಿಗೆ ಒಟ್ಟು                               = 2,886
```

ಸಂಬಳವಿಲ್ಲದೆ ಕಳೆದ, ವಂತಿಗೆ ಕಟ್ಟದ ದಿನಗಳಿದ್ದರೆ ಅವು ಸೇವೆಯಲ್ಲಿ ಕಳೆಯುತ್ತವೆ. ಪಾಸ್‌ಬುಕ್‌ನ ಪ್ರತಿ ತಿಂಗಳ ಸಾಲಿನ ಮೇಲೂ ಬೆರಳಿಟ್ಟು ನೋಡಿದೆವು. ಖಾಲಿ ತಿಂಗಳು ಒಂದೂ ಇರಲಿಲ್ಲ.

ಅವರು ಸ್ವಲ್ಪ ಹೊತ್ತು ಮಾತಾಡಲಿಲ್ಲ. ನಂತರ, ‘ಹಾಗಾದರೆ ಪಿ.ಎಫ್. ಹಣವೂ ಇಷ್ಟೇ ಕಡಿಮೆಯೇ?’ ಎಂದು ಕೇಳಿದರು. ಅದು ಬೇರೆ. ಅವರ ಪಾಲಿನ ಶೇ 12, ಮಾಲೀಕರ ಪಾಲಿನಲ್ಲಿ ಪೆನ್ಷನ್‌ಗೆ ಹೋಗಿ ಉಳಿದದ್ದು ಮತ್ತು ಬಡ್ಡಿ, ಎಲ್ಲವೂ ಅವರ ಖಾತೆಯಲ್ಲಿ ಬೆಳೆದಿರುತ್ತದೆ. ಅದಕ್ಕೆ ಸೂತ್ರ ಬೇಡ, ಪಾಸ್‌ಬುಕ್‌ನ ಕೊನೆಯ ಶಿಲ್ಕು ನೋಡಿದರೆ ಸಾಕು. ಪೆನ್ಷನ್ ಅಂಕಣದ ಮೊತ್ತವನ್ನು ಮಾತ್ರ ಅದಕ್ಕೆ ಕೂಡಿಸಬಾರದು, ಆ ಹಣ ಯೋಜನೆಯ ನಿಧಿಗೆ ಸೇರಿದ್ದು.

ಮಾರನೆಯ ದಿನ ಅವರು ಪತ್ನಿಯನ್ನೂ ಕರೆದುಕೊಂಡು ಬಂದರು. ಪೆನ್ಷನ್ ಪಡೆಯುವುದನ್ನು 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ 4ರಷ್ಟು ಹೆಚ್ಚು ಸಿಗುತ್ತದೆಯಂತೆ, ಕಾಯಬೇಕೇ ಎಂದು ಆಕೆ ಕೇಳಿದರು. ಅದನ್ನೂ ಕೂಡಿ ನೋಡಿದೆವು. ಎರಡು ವರ್ಷ ಕಾದರೆ ಕೈಬಿಡುವುದು 69,000 ರೂಪಾಯಿಗೂ ಹೆಚ್ಚು. ಆಮೇಲೆ ಹೆಚ್ಚಾಗುವುದು ತಿಂಗಳಿಗೆ ಸುಮಾರು 230. ಬಿಟ್ಟದ್ದು ಮರಳಿ ಬರಲು 25 ವರ್ಷ ಬೇಕು. ಆಕೆ ಪತಿಯ ಕಡೆ ನೋಡಿ ‘ಈಗಲೇ ಹಾಕಿಬಿಡಿ’ ಎಂದರು. ಅಲ್ಲೇ ಕುಳಿತು 10ಡಿ ಫಾರ್ಮ್ ತುಂಬಿದೆವು. ಆಕೆಯ ಜನ್ಮದಿನಾಂಕವನ್ನು ಆಧಾರ್ ಜೊತೆ ಎರಡು ಸಲ ತಾಳೆ ನೋಡಿದೆ, ಮುಂದೆ ವಿಧವಾ ಪಿಂಚಣಿಯ ಪ್ರಶ್ನೆ ಬಂದಾಗ ಬೇಕಾಗುವ ವಿವರ ಅದು.