60 ಪರ್ಸೆಂಟಿಗೂ 40 ಪರ್ಸೆಂಟಿಗೂ ಹೆಚ್ಚುಕಡಿಮೆ ಒಂದೇ ವೋಲ್ಟೇಜ್: ಹಳೆ ಇವಿ ಕೊಳ್ಳುವಾಗ ನಾನು ಬ್ಯಾಟರಿ ನೋಡಿದ ರೀತಿ

ಹೊಸ ಎಲೆಕ್ಟ್ರಿಕ್ ಕಾರಿನ ರೇಟು ನನ್ನ ಕೈಗೆ ಎಟುಕುವಂತಿರಲಿಲ್ಲ. ಹಾಗಾಗಿ ಸೆಕೆಂಡ್ ಹ್ಯಾಂಡ್ ಹುಡುಕಲು ಶುರುಮಾಡಿದೆ. ಕೊನೆಗೆ ಉಳಿದದ್ದು ಎರಡು: ಒಂದು 30.2 ಯೂನಿಟ್ ಬ್ಯಾಟರಿಯ ನೆಕ್ಸಾನ್ ಇವಿ, ಇನ್ನೊಂದು 39.2 ಯೂನಿಟ್‌ನ ಹುಂಡೈ ಕೋನಾ. ಮೊದಲನೆಯದರಲ್ಲಿ ಇರುವುದು ಎಲ್‌ಎಫ್‌ಪಿ, ಅಂದರೆ ಲಿಥಿಯಂ, ಕಬ್ಬಿಣ, ಫಾಸ್ಫೇಟ್. ಎರಡನೆಯದರಲ್ಲಿ ಎನ್‌ಎಂಸಿ, ಅಂದರೆ ನಿಕಲ್, ಮ್ಯಾಂಗನೀಸ್, ಕೋಬಾಲ್ಟ್. ಹೊಸ ಕಾರುಗಳಲ್ಲೂ ಇದೇ ಎರಡು ಬಣ. ಮಹೀಂದ್ರಾದ ಬಿಇ 6, ಬಿವೈಡಿ ಅಟ್ಟೋ 3 ಎಲ್‌ಎಫ್‌ಪಿ ಕಡೆ. ಕ್ರೆಟಾ ಎಲೆಕ್ಟ್ರಿಕ್, ಎಕ್ಸ್‌ಯುವಿ 400 ಎನ್‌ಎಂಸಿ ಕಡೆ.

ಎಲ್‌ಎಫ್‌ಪಿ ಸುರಕ್ಷಿತ, ಎನ್‌ಎಂಸಿ ಜಾಸ್ತಿ ದೂರ ಓಡುತ್ತದೆ. ಇಷ್ಟನ್ನು ಎಲ್ಲರೂ ಹೇಳುತ್ತಾರೆ, ಅದು ನಿಜವೂ ಹೌದು. ಫಾಸ್ಫೇಟ್‌ನಲ್ಲಿ ಆಮ್ಲಜನಕ ರಂಜಕಕ್ಕೆ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಬ್ಯಾಟರಿಯೊಳಗಿನ ಸೆಲ್ ವಿಪರೀತ ಕಾದರೂ ಅದು ಸುಲಭಕ್ಕೆ ಬಿಟ್ಟುಬರುವುದಿಲ್ಲ, ಬೆಂಕಿಗೆ ಮೇವು ಸಿಗುವುದಿಲ್ಲ. ಎನ್‌ಎಂಸಿಯಲ್ಲಿ ಆ ಬಿಗಿ ಕಡಿಮೆ. ಆದರೆ ಅಷ್ಟೇ ತೂಕಕ್ಕೆ ಅದು ಹೆಚ್ಚು ಶಕ್ತಿ ಹಿಡಿಯುತ್ತದೆ. ಕೊಳ್ಳುವವನಿಗೆ ದಿನವೂ ಎದುರಾಗುವ ವ್ಯತ್ಯಾಸ ಮಾತ್ರ ಬೇರೆಯೇ ಇದೆ. ಅದು ಡ್ಯಾಶ್‌ಬೋರ್ಡ್‌ನಲ್ಲಿ ಕಾಣುವ ಪರ್ಸೆಂಟಿನದು.

ಎನ್‌ಎಂಸಿ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. ಖಾಲಿಯಾಗುತ್ತಾ ಬಂದಂತೆ ವೋಲ್ಟೇಜ್ ಇಳಿಜಾರಿನಲ್ಲಿ ನಿಧಾನವಾಗಿ ಇಳಿಯುತ್ತದೆ. 60 ಪರ್ಸೆಂಟಿಗೂ 40ಕ್ಕೂ ನಡುವೆ ಸುಮಾರು 0.15 ವೋಲ್ಟ್ ಅಂತರ. ಅದನ್ನು ಅಳೆದರೆ ಎಷ್ಟು ಉಳಿದಿದೆ ಎಂದು ಕಾರಿಗೆ ಗೊತ್ತಾಗುತ್ತದೆ. ಎಲ್‌ಎಫ್‌ಪಿ ಹಾಗಲ್ಲ. ಅದರೊಳಗೆ ಲಿಥಿಯಂ ಇರುವ ಭಾಗ, ಇಲ್ಲದ ಭಾಗ ಎಂದು ಎರಡು ಬೇರೆ ಬೇರೆ ಹಂತಗಳು ಜೊತೆಗೇ ಇರುತ್ತವೆ. ಚಾರ್ಜ್ ಕಮ್ಮಿಯಾದಂತೆ ಇವುಗಳ ಪಾಲು ಬದಲಾಗುತ್ತದೆ, ವೋಲ್ಟೇಜ್ ಮಾತ್ರ ಅಲ್ಲೇ ನಿಲ್ಲುತ್ತದೆ. ಲೋಟದ ನೀರಿನಲ್ಲಿ ಐಸು ಪೂರ್ತಿ ಕರಗುವ ತನಕ ತಣ್ಣಗಿನ ಮಟ್ಟ ಬದಲಾಗುವುದಿಲ್ಲ ಅಲ್ವಾ, ಹಾಗೆ. 60ರಿಂದ 40ಕ್ಕೆ ಇಳಿದರೂ ವ್ಯತ್ಯಾಸ 0.01 ಅಥವಾ 0.02 ವೋಲ್ಟ್ ಅಷ್ಟೇ. ಹೀಗಾಗಿ ಕಾರು ಒಳಗೆ ಹೋದ ಕರೆಂಟು, ಹೊರಗೆ ಬಂದ ಕರೆಂಟು ಲೆಕ್ಕ ಇಟ್ಟುಕೊಂಡು ಪರ್ಸೆಂಟ್ ತೋರಿಸುತ್ತದೆ. ಆ ಲೆಕ್ಕ ದಿನೇದಿನೇ ಸ್ವಲ್ಪ ಸ್ವಲ್ಪ ತಪ್ಪುತ್ತದೆ. 100 ಪರ್ಸೆಂಟ್ ತುಂಬಿಸಿದಾಗ ವೋಲ್ಟೇಜ್ ಸರ್ರನೆ ಏರುತ್ತದೆ. ಆಗಲೇ ಕಾರಿಗೆ ಲೆಕ್ಕ ಸರಿಮಾಡಿಕೊಳ್ಳುವ ಅವಕಾಶ.

ಇದು ತಲೆಯಲ್ಲಿದ್ದುದರಿಂದ ನೆಕ್ಸಾನ್ ನೋಡಲು ಹೋದಾಗ ಕಾರಿನೊಳಗಿನ ಮಾಹಿತಿಯನ್ನು ಫೋನಿಗೆ ಕಳಿಸುವ ಓಬಿಡಿ ಡಾಂಗಲ್ ಜೇಬಿನಲ್ಲಿತ್ತು. ಸ್ಟೀರಿಂಗ್ ಕೆಳಗಿನ ಸಾಕೆಟ್‌ಗೆ ಚುಚ್ಚಿ ಫೋನಿನ ಆ್ಯಪ್ ತೆರೆದೆ. ಬ್ಯಾಟರಿ 62 ಪರ್ಸೆಂಟ್. ಎಲ್ಲಕ್ಕಿಂತ ಜಾಸ್ತಿ ಇದ್ದ ಸೆಲ್ 3.301 ವೋಲ್ಟ್, ಕಮ್ಮಿ ಇದ್ದದ್ದು 3.298.

"ನೋಡಿ ಸರ್, ಮೂರೇ ಮಿಲಿವೋಲ್ಟ್ ವ್ಯತ್ಯಾಸ. ಬ್ಯಾಟರಿ ಹೊಸದರ ಹಾಗಿದೆ" ಎಂದರು ಮಾರುವವರು.

ಸುಮ್ನೆ ನಕ್ಕೆ. ಅವರು ಸುಳ್ಳು ಹೇಳುತ್ತಿರಲಿಲ್ಲ, ಆದರೆ ಎಲ್‌ಎಫ್‌ಪಿಯಲ್ಲಿ ಈ ಮಟ್ಟದಲ್ಲಿ ಸೊರಗಿದ ಸೆಲ್ ಕೂಡ ಗಟ್ಟಿ ಸೆಲ್‌ನಷ್ಟೇ ವೋಲ್ಟೇಜ್ ತೋರಿಸುತ್ತದೆ. ಕೋನಾದಲ್ಲಾದರೆ ಇದೇ ಮೂರು ಮಿಲಿವೋಲ್ಟ್ ನೋಡಿ ನಾನೂ ಖುಷಿಪಡುತ್ತಿದ್ದೆ. "ಅಣ್ಣಾ, ರಾತ್ರಿ ಮನೆಯ 15 ಆಂಪ್ ಪ್ಲಗ್‌ನಲ್ಲೇ ಹಾಕಿ, ಫುಲ್ ಆಗುವ ಹೊತ್ತಿಗೆ ಬಂದು ನೋಡುತ್ತೇನೆ" ಎಂದೆ.

ಬೆಳಿಗ್ಗೆ 99 ಪರ್ಸೆಂಟ್ ಹೊತ್ತಿಗೆ ಚಿತ್ರವೇ ಬೇರೆ. ಒಂದು ಸೆಲ್ 3.58ಕ್ಕೆ ಏರಿತ್ತು, ಇನ್ನೊಂದು ಇನ್ನೂ 3.39ರಲ್ಲಿ ಕೂತಿತ್ತು. ಇದನ್ನು ನೋಡಿ ಗಾಬರಿಯಾಗಬೇಕಿಲ್ಲ. ಆ ತುದಿಯಲ್ಲಿ ಒಂದು ಪರ್ಸೆಂಟಿನಷ್ಟು ಹಿಂದೆ ಬಿದ್ದಿದ್ದರೂ ವೋಲ್ಟೇಜ್ ಇಷ್ಟು ದೂರ ಕಾಣುತ್ತದೆ. ಒಂದು ಸೆಲ್ ಮೇಲಿನ ಮಿತಿ ಮುಟ್ಟಿದ ಕೂಡಲೇ ಕಾರು ಚಾರ್ಜಿಂಗ್ ತಗ್ಗಿಸುತ್ತದೆ, ಮುಂದಿರುವ ಸೆಲ್‌ಗಳನ್ನು ಕೊಂಚ ಕೊಂಚ ಬಸಿದು ಹಿಂದಿನವು ಸೇರಿಕೊಳ್ಳಲು ಬಿಡುತ್ತದೆ. ಬಸಿಯುವ ಕರೆಂಟು ತೀರಾ ಸಣ್ಣದು, ಗಂಟೆಗಟ್ಟಲೆ ಬೇಕು. ಫಾಸ್ಟ್ ಚಾರ್ಜರ್‌ನಲ್ಲಿ 80 ಮುಟ್ಟಿಸಿ ಹೊರಡುವವರ ಕಾರಿನಲ್ಲಿ ಈ ಕೆಲಸ ಆಗುವುದೇ ಇಲ್ಲ. ಪ್ಲಗ್ ತೆಗೆಯದೆ ಬಿಡಿ ಎಂದು ಕೇಳಿಕೊಂಡೆ. ಅಂತರ ಕಿರಿದಾಗುತ್ತಾ ಬಂತು. ಅಂದರೆ ಸೆಲ್‌ಗಳ ಲಯ ತಪ್ಪಿತ್ತು ಅಷ್ಟೇ.

ಸೆಲ್ ನಿಜಕ್ಕೂ ಸೊರಗಿದೆಯೇ ಎಂದು ತಿಳಿಯಬೇಕಾದರೆ ಕೆಳತುದಿಗೆ ಹೋಗಬೇಕು. ಕಾರನ್ನು 10 ಪರ್ಸೆಂಟಿನ ತನಕ ಓಡಿಸಿದೆವು. ಕೊನೆಯಲ್ಲಿ ಒಂದು ಏರು ಹತ್ತಿಸುತ್ತಾ ಆ್ಯಪ್ ಮೇಲೆ ಕಣ್ಣಿಟ್ಟಿದ್ದೆ, ಸ್ಟೀರಿಂಗ್ ಮಾರುವವರ ಕೈಯಲ್ಲಿತ್ತು. ಎಲ್ಲ ಸೆಲ್‌ಗಳೂ ಒಟ್ಟಿಗೇ ಕುಸಿದರೆ ಪರವಾಗಿಲ್ಲ. ಮತ್ತೆ ಮತ್ತೆ ಅದೇ ಒಂದು ಸೆಲ್ ಉಳಿದವುಗಳಿಗಿಂತ ಬಹಳ ಮೊದಲೇ ಬಿದ್ದರೆ ಆ ಕಾರು ಬೇಡ. ಅಂಥ ಕಾರೇ 15ರಿಂದ ಒಮ್ಮೆಲೇ 3ಕ್ಕೆ ಹಾರುವುದು. ಇಲ್ಲಿ ಹಾಗಾಗಲಿಲ್ಲ.

ನಂತರ ಉಳಿದದ್ದು ಕೆಪಾಸಿಟಿ. 10ರಿಂದ 100ಕ್ಕೆ ತುಂಬಿಸುವಾಗ ಪ್ಲಗ್‌ಗೆ ಹಾಕಿದ ಎನರ್ಜಿ ಮೀಟರ್ 29 ಯೂನಿಟ್ ತೋರಿಸಿತು. ಚಾರ್ಜಿಂಗ್‌ನಲ್ಲಿ ಸುಮಾರು 12 ಪರ್ಸೆಂಟ್ ಶಾಖವಾಗಿ ಪೋಲಾಯಿತು ಎಂದುಕೊಂಡರೆ ಬ್ಯಾಟರಿಗೆ ಹೋದದ್ದು 25.5. ಅದು 90 ಪರ್ಸೆಂಟಿನ ಲೆಕ್ಕ, ಹಾಗಾಗಿ ಪೂರ್ತಿಗೆ 28.4. ಹೊಸದರ 30.2ಕ್ಕೆ ಹೋಲಿಸಿದರೆ 94 ಪರ್ಸೆಂಟ್. ಪೋಲಾಗುವ ಅಂದಾಜು ಒಂದೆರಡು ಪರ್ಸೆಂಟ್ ಆಚೀಚೆ ಆದರೆ ಉತ್ತರವೂ ಅಷ್ಟೇ ಆಚೀಚೆ. ಎಲ್‌ಎಫ್‌ಪಿಯಲ್ಲಿ ಮೊದಲು ಒಮ್ಮೆ ಫುಲ್ ಮಾಡಿ, ಆಮೇಲೆ ಇಳಿಸಿ ಈ ಲೆಕ್ಕ ಹಾಕಬೇಕು. ಇಲ್ಲದಿದ್ದರೆ ಶುರುವಿನ 10 ಎನ್ನುವುದೇ ನಂಬುವಂಥದ್ದಲ್ಲ.

ಎಲ್ಲ ಕಾರುಗಳೂ ಓಬಿಡಿಯಲ್ಲಿ ಸೆಲ್ ವೋಲ್ಟೇಜ್ ಕೊಡುವುದಿಲ್ಲ. ಕೊಡದಿದ್ದರೆ ಸರ್ವಿಸ್ ಸೆಂಟರ್‌ನಿಂದ ಬ್ಯಾಟರಿ ರಿಪೋರ್ಟ್ ಕೇಳಿ, ಅದನ್ನು ಎಷ್ಟು ಪರ್ಸೆಂಟ್ ಇದ್ದಾಗ ತೆಗೆದರು ಎಂದೂ ಕೇಳಿ.

ಕೊನೆಗೆ ನೆಕ್ಸಾನ್ ತಗೊಂಡೆ. ನಾನಿರುವುದು ಕಲಬುರಗಿಯಲ್ಲಿ. ಬೇಸಿಗೆಯಲ್ಲಿ 40 ಡಿಗ್ರಿ ದಾಟುತ್ತದೆ, ಕಾರು ಬಯಲಲ್ಲೇ ನಿಲ್ಲುತ್ತದೆ, ಓಡಾಟ ಹೆಚ್ಚಾಗಿ ಊರೊಳಗೆ. ತುಂಬಿಸಿ ಬಿಸಿಲಲ್ಲಿ ನಿಲ್ಲಿಸಿದರೆ ಎನ್‌ಎಂಸಿ ಬೇಗ ಸವೆಯುತ್ತದೆ. ಎಲ್‌ಎಫ್‌ಪಿಗೂ ಅದು ಒಳ್ಳೆಯದೇನಲ್ಲ, ಆದರೆ ತಾಳಿಕೆ ಜಾಸ್ತಿ. ಬೆಂಗಳೂರಿನಲ್ಲಿರುವ ನಮ್ಮ ಭಾವನ ಕಥೆ ಬೇರೆ. ಅವರು ತಿಂಗಳಿಗೊಮ್ಮೆ ಮಂಗಳೂರಿಗೆ ಹೋಗಿಬರುವವರು, ಕಾರು ಬೇಸ್‌ಮೆಂಟ್‌ನ ನೆರಳಲ್ಲಿ ನಿಲ್ಲುತ್ತದೆ. ಅವರಿಗೆ ಎನ್‌ಎಂಸಿಯ ಕ್ರೆಟಾನೇ ಸರಿ ಎಂದು ನಾನೇ ಹೇಳಿದೆ. ಅವರು ದಿನವೂ 80ಕ್ಕೆ ನಿಲ್ಲಿಸಿ, ಹೊರಡುವ ಹಿಂದಿನ ರಾತ್ರಿ ಮಾತ್ರ 100 ಮಾಡುತ್ತಾರೆ. ನಾನು ವಾರವೆಲ್ಲ ಎಷ್ಟಿದ್ದರೂ ತಲೆಕೆಡಿಸಿಕೊಳ್ಳದೆ, ಶನಿವಾರ ರಾತ್ರಿ ಮನೆಯ ಪ್ಲಗ್‌ನಲ್ಲಿ 100ಕ್ಕೆ ಹಾಕಿ ಬೆಳಗಿನ ತನಕ ತೆಗೆಯುವುದಿಲ್ಲ. ವಾರಗಟ್ಟಲೆ ಊರಲ್ಲಿ ಇರುವುದಿಲ್ಲ ಎಂದಾದರೆ ಅರ್ಧಕ್ಕೆ ಬಿಟ್ಟು ಹೋಗುತ್ತೇನೆ. ವಾಪಸ್ ಬಂದ ಮೇಲೆ ಒಮ್ಮೆ ಫುಲ್ ಮಾಡದೆ ಬೀದರ್ ಕಡೆ ಹೊರಡುವುದಿಲ್ಲ.