ಒಂದು ಟಿಪ್ಪರ್‌ನಿಂದ ಶುರುವಾದ ಕಸದ ಬಜೆಟ್

ಚಿಕ್ಕಬಳ್ಳಾಪುರದ ಕಸ ಸಂಗ್ರಹಣೆಗೆ ಬಜೆಟ್ ಟಿಪ್ಪಣಿ ಬರೆಯುವಾಗ ಹೋದ ವರ್ಷದ ಖರ್ಚಿಗೆ ಹತ್ತು ಪರ್ಸೆಂಟ್ ಸೇರಿಸುವ ದಾರಿ ನಾನು ಹಿಡಿಯಲಿಲ್ಲ. ಒಂದು ಆಟೋ ಟಿಪ್ಪರ್‌ನ ಒಂದು ದಿನದ ಖರ್ಚನ್ನು ಲೆಕ್ಕ ಹಾಕಿ, ಅಲ್ಲಿಂದ ಮೇಲಕ್ಕೆ ಹೋದೆ.

ಮಾದರಿಗೆ 750 ಮನೆಗಳ ಒಂದು ರೂಟ್ ಹಿಡಿದೆ. ಸುಮಾರು 3,200 ಜನ. ತಲೆಗೆ ದಿನಕ್ಕೆ 350 ಗ್ರಾಂ ಅಂದರೂ 1,100 ಕೆಜಿ ದಾಟುತ್ತದೆ. ಟಿಪ್ಪರ್ ಒಂದು ಸಲಕ್ಕೆ 600 ಕೆಜಿ ಹೊರುತ್ತದೆ, ಹಾಗಾಗಿ ಎರಡು ಟ್ರಿಪ್ ಬೇಕೇ ಬೇಕು.

ಲೆಕ್ಕ ತಪ್ಪುವುದು ಡೀಸೆಲ್‌ನಲ್ಲಿ. ಕಸ ವಿಲೇವಾರಿ ಘಟಕ 9 ಕಿ.ಮೀ. ದೂರ ಅಂತಿಟ್ಟುಕೊಳ್ಳಿ. ಎರಡು ಸಲ ಹೋಗಿ ಬಂದರೆ 36 ಕಿ.ಮೀ., ಬೀದಿಯೊಳಗಿನ ಓಡಾಟ 12. ಒಟ್ಟು 48 ಕಿಲೋಮೀಟರನ್ನು ಲೀಟರ್‌ಗೆ 16ರಂತೆ ಭಾಗಿಸಿದರೆ 3 ಲೀಟರ್. ಆದರೆ ಬೀದಿಯಲ್ಲಿ ಗಾಡಿ ಮನೆಮನೆಗೂ ನಿಲ್ಲುತ್ತದೆ, ಎಂಜಿನ್ ಆಫ್ ಆಗುವುದಿಲ್ಲ, ಫಸ್ಟ್ ಗೇರ್ ಬಿಟ್ಟು ಮೇಲೆ ಹೋಗುವುದಿಲ್ಲ. ಅಲ್ಲಿ ಸಿಗುವುದು ಲೀಟರ್‌ಗೆ 6 ಕಿ.ಮೀ. ಅಷ್ಟೇ. ಬೀದಿಗೆ 2 ಲೀಟರ್, ರಸ್ತೆಗೆ 2.25. ದಿನಕ್ಕೆ ಒಂದೂಕಾಲು ಲೀಟರ್ ಕೊರತೆ! ಲೀಟರ್‌ಗೆ 90 ರೂಪಾಯಿಯಂತೆ, 360 ದಿನಕ್ಕೆ, ಒಂದು ಗಾಡಿಗೆ 40,500 ರೂಪಾಯಿ. ಇಪ್ಪತ್ತು ಗಾಡಿಗೆ ಎಂಟು ಲಕ್ಷ ದಾಟುತ್ತದೆ. ವರ್ಷದ ಕೊನೆಗೆ ಬಂಕ್ ಬಿಲ್ ಬಾಕಿ ಉಳಿಯುವುದು ಇದರಿಂದಲೇ. ಡ್ರೈವರ್ ಮೇಲೆ ಸುಮ್ನೆ ಅನುಮಾನ ಪಡುವ ಮೊದಲು ಟ್ಯಾಂಕ್ ಫುಲ್ ಮಾಡಿಸಿ, ಮೀಟರ್ ಬರೆದುಕೊಂಡು, ಒಂದೆರಡು ದಿನ ಓಡಿಸಿ ಮತ್ತೆ ಫುಲ್ ಮಾಡಿಸಬೇಕು. ಎಷ್ಟು ಕುಡಿದಿದೆ ಅಂತ ಗೊತ್ತಾಗುತ್ತದೆ.

ಗಾಡಿಗೊಬ್ಬ ಡ್ರೈವರ್, ಒಬ್ಬ ಲೋಡರ್. ಕಸ ವಾರದ ಏಳೂ ದಿನ ಬರುತ್ತದೆ, ಪೌರಕಾರ್ಮಿಕರಿಗೆ ವಾರದ ರಜೆ ಬೇಕು. ಆದ್ದರಿಂದ ಆರು ಜನರ ಕೆಲಸಕ್ಕೆ ಏಳು ಜನರ ವೇತನ ಇಡಬೇಕು. ಏಳನೆಯವರನ್ನು ಕೈಬಿಟ್ಟರೆ ರಜೆ ಕಾಗದದಲ್ಲಷ್ಟೇ ಉಳಿಯುತ್ತದೆ. ಇದನ್ನು ನಾನು ಒಪ್ಪುವುದಿಲ್ಲ. ವೇತನದ ಮೇಲೆ ನಮ್ಮ ಪಾಲಿನ ಪಿಎಫ್ ಖರ್ಚು 13 ಪರ್ಸೆಂಟ್, ಇಎಸ್‌ಐ 3.25. ತಿಂಗಳಿಗೆ 18,000 ರೂಪಾಯಿ ವೇತನವಿದ್ದು, ಪೂರ್ತಿ ಮೊತ್ತದ ಮೇಲೆ ಕಟ್ಟುವುದಾದರೆ 20,925 ಆಗುತ್ತದೆ. ಗ್ಲೌಸ್, ಬೂಟು ಬೇರೆ.

ರಿಪೇರಿಯಲ್ಲಿ ಹೆಚ್ಚು ಕಾಡುವುದು ತಳದ ತಗಡು. ಹಸಿ ಕಸದ ನೀರು ಮೂಲೆಯಲ್ಲಿ ನಿಂತು ತುಕ್ಕು ಹಿಡಿಸುತ್ತದೆ. ಬೀದಿಯಲ್ಲಿ ಕಪ್ಪು ನೀರಿನ ಗೆರೆ ಕಂಡರೆ ತಗಡು ತೂತಾಗಿದೆ ಅಂತಲೇ ಅರ್ಥ. ಹತ್ತು ಗಾಡಿಗೆ ಒಂದು ಸ್ಪೇರ್ ಇಟ್ಟೆ. ಬಕೆಟ್‌ಗಳನ್ನು ಮನೆಗೆ ಎರಡರಂತೆ, 10 ಲೀಟರಿನವು, ಬಂಡವಾಳ ಲೆಕ್ಕದಲ್ಲಿ ತೋರಿಸಿದೆ. ಬೀದಿ ತೊಟ್ಟಿ ಕೇಳಲಿಲ್ಲ, ತೊಟ್ಟಿ ಇಟ್ಟಲ್ಲಿ ರಾಶಿ ಬೀಳುತ್ತದೆ ಅಲ್ವಾ.

ಆಯುಧಪೂಜೆಗೆ ಪ್ರತ್ಯೇಕ ಸಾಲು ಬೇಕು. ಬಾಳೆಕಂದು, ಬೂದುಗುಂಬಳ, ಬಾಡಿದ ಚೆಂಡುಹೂವು ಎಲ್ಲಾ ಒಟ್ಟಿಗೆ ಬೀದಿಗೆ ಬರುತ್ತವೆ. ಆ ವಾರಕ್ಕೆ ಬಾಡಿಗೆ ಟ್ರ್ಯಾಕ್ಟರ್ ಬರೆದೆ.

ಲೆಕ್ಕ ಶಾಖೆಯವರು ಡೀಸೆಲ್ ಕಡಿಮೆ ಮಾಡಲು ಹೇಳಿದಾಗ ರೂಟ್ ಪಟ್ಟಿ ಮುಂದಿಟ್ಟೆ. "ಯಾವ ರೂಟಿನ ಎರಡನೇ ಟ್ರಿಪ್ ನಿಲ್ಲಿಸೋಣ, ನೀವೇ ಹೇಳಿ ಸರ್" ಅಂದೆ. ಡೀಸೆಲ್ ಮೊತ್ತ ಹಾಗೇ ಉಳಿಯಿತು.